ಕಡ್ಡಿಯ ತುದಿಯಲ್ಲಿ ಸಿಗ್ನಲ್ ಇಲ್ಲ

ಮಹಡಿಯ ಕೋಣೆಯಲ್ಲಿ ವೈಫೈ ಸರಿಯಾಗಿ ಸಿಗುತ್ತಿಲ್ಲ ಎಂದಾಗ ಬಹಳಷ್ಟು ಜನ ರೌಟರಿನ ಆಂಟೆನಾಗಳನ್ನು ಹಿಡಿದು ಅವುಗಳ ತುದಿಯನ್ನು ಆ ಕೋಣೆಯತ್ತ ತಿರುಗಿಸುತ್ತಾರೆ. ಸಿಗ್ನಲ್ ತುದಿಯಿಂದ ಚಿಮ್ಮುತ್ತದೆ ಎಂಬ ಲೆಕ್ಕಾಚಾರ. ಆದರೆ ತುದಿ ನೋಡುವ ದಿಕ್ಕಿಗೇ ಸಿಗ್ನಲ್ ಎಲ್ಲಕ್ಕಿಂತ ಕಡಿಮೆ.

ಕಪ್ಪು ಪ್ಲಾಸ್ಟಿಕ್ ಕಡ್ಡಿಯೊಳಗೆ ಸಾಮಾನ್ಯವಾಗಿ ಇರುವುದು ಡೈಪೋಲ್ ಎಂಬ ಸರಳ ಲೋಹದ ರಚನೆ. 2.4 ಗಿಗಾಹರ್ಟ್ಸ್ ವೈಫೈ ಅಲೆಯ ಉದ್ದ ಸುಮಾರು 12.5 ಸೆಂಟಿಮೀಟರ್; ಡೈಪೋಲ್‌ಗೆ ಅದರ ಅರ್ಧ, ಅಂದರೆ 6 ಸೆಂಟಿಮೀಟರ್‌ನಷ್ಟಿದ್ದರೆ ಸಾಕು. ಈ ಲೋಹದಲ್ಲಿ ಎಲೆಕ್ಟ್ರಾನುಗಳು ಸೆಕೆಂಡಿಗೆ 240 ಕೋಟಿ ಸಲ ಮೇಲಕ್ಕೂ ಕೆಳಕ್ಕೂ ಓಲಾಡುತ್ತವೆ. ಪಕ್ಕದಿಂದ ನೋಡಿದರೆ ಆ ಓಲಾಟ ಪೂರ್ತಿ ಕಾಣುತ್ತದೆ, ತುದಿಯಿಂದ ನೋಡಿದರೆ ಕಾಣುವುದೇ ಇಲ್ಲ. ಅಲೆ ಹೊಮ್ಮುವುದೂ ಹಾಗೆಯೇ: ಓಲಾಟಕ್ಕೆ ಅಡ್ಡವಾದ ದಿಕ್ಕುಗಳಿಗೆ ಜೋರಾಗಿ, ಓಲಾಟದ ನೇರಕ್ಕೆ ಸೊನ್ನೆ. ಒಂದು ಉದ್ದಿನ ವಡೆಯ ತೂತಿನಲ್ಲಿ ಕಡ್ಡಿ ಸಿಕ್ಕಿಸಿದಂತೆ ಅಂದುಕೊಳ್ಳಿ. ವಡೆ ಇರುವ ಕಡೆಯೆಲ್ಲ ಸಿಗ್ನಲ್, ತೂತಿನ ಕಡೆ ಬರಿದು.

ಕಡ್ಡಿ ನೆಟ್ಟಗೆ ನಿಂತಿದ್ದರೆ ವಡೆ ನೆಲಕ್ಕೆ ಸಮನಾಗಿ ಮಲಗಿರುತ್ತದೆ. ಅದೇ ಅಂತಸ್ತಿನ ಎಲ್ಲ ಕೋಣೆಗಳಿಗೂ ಒಳ್ಳೆಯದು. ಮೇಲಂತಸ್ತಿನ ಕಥೆ ಬೇರೆ. ನೆಲಮಹಡಿಯ ಹಾಲ್‌ನಲ್ಲಿ ಟೇಬಲ್ ಮೇಲೆ ರೌಟರ್ ಇದೆ, ಮೇಲಿನ ಕೋಣೆಯಲ್ಲಿ ಫೋನ್ ಅದಕ್ಕಿಂತ 3 ಮೀಟರ್ ಎತ್ತರದಲ್ಲಿದೆ ಎನ್ನೋಣ. ಆ ಕೋಣೆ 4 ಮೀಟರ್ ಆಚೆಗಿದ್ದರೆ ಸಿಗ್ನಲ್ ಸುಮಾರು 37 ಡಿಗ್ರಿ ಓರೆಯಾಗಿ ಏರಬೇಕು. ನೆಟ್ಟಗಿನ ಡೈಪೋಲ್ ಆ ಕೋನಕ್ಕೆ ತನ್ನ ಗರಿಷ್ಠದ ಅರ್ಧಕ್ಕಿಂತ ತುಸು ಹೆಚ್ಚೇ ಶಕ್ತಿ ಕಳಿಸುತ್ತದೆ, ತೊಂದರೆಯಿಲ್ಲ. ಅದೇ ಕೋಣೆ ರೌಟರಿನ ನೆತ್ತಿಯ ಮೇಲೆ, ಬರೀ 1 ಮೀಟರ್ ಪಕ್ಕಕ್ಕಿದ್ದರೆ ಕೋನ 70 ಡಿಗ್ರಿ ದಾಟುತ್ತದೆ. ಆಗ ಹೋಗುವುದು ಗರಿಷ್ಠದ ಹದಿನಾರನೇ ಒಂದು ಪಾಲು. ಹತ್ತಿರದ ಕೋಣೆಗೇ ಸಿಗ್ನಲ್ ಕೊರತೆ! ಗೋಡೆ, ಬೀರುಗಳಿಗೆ ಬಡಿದು ವಾಪಸು ಬರುವ ಅಲೆಗಳು ಈ ಕೊರತೆಯನ್ನು ಸ್ವಲ್ಪ ತುಂಬುವುದರಿಂದಲೇ ಅಲ್ಲಿ ಫೋನ್ ಪೂರ್ತಿ ಸಾಯುವುದಿಲ್ಲ.

ಈಗ ಒಂದು ಕಡ್ಡಿಯನ್ನು ಅಡ್ಡ ಮಲಗಿಸಿ. ವಡೆ ಎದ್ದು ನಿಲ್ಲುತ್ತದೆ, ಸಿಗ್ನಲ್ ಮೇಲಕ್ಕೂ ಕೆಳಕ್ಕೂ ಹರಿಯುತ್ತದೆ. ನೆತ್ತಿಯ ಮೇಲಿನ ಕೋಣೆಗೆ ಈಗ ಹೆಚ್ಚುಕಡಿಮೆ ಪೂರ್ತಿ ಪಾಲು. ಆದರೆ ತೂತು ಎಲ್ಲಿಗೂ ಹೋಗಿಲ್ಲ, ಪಕ್ಕಕ್ಕೆ ತಿರುಗಿದೆ ಅಷ್ಟೆ: ಕಡ್ಡಿ ಪೂರ್ವ-ಪಶ್ಚಿಮವಾಗಿ ಮಲಗಿದ್ದರೆ ಆ ಎರಡು ದಿಕ್ಕಿನ ಕೋಣೆಗಳಿಗೆ ಅದರಿಂದ ಪ್ರಯೋಜನವಿಲ್ಲ. ಹಾಗಾಗಿ ಮಲಗಿಸುವಾಗ ತುದಿಗಳು ಹೊರಗೋಡೆಯತ್ತ ಇರಲಿ. ಎರಡು ಕಡ್ಡಿಗಳ ರೌಟರಾದರೆ ಒಂದು ನೆಟ್ಟಗೆ, ಒಂದು ಅಡ್ಡ. ನಾಲ್ಕಿದ್ದರೆ ಒಂದನ್ನು ಮಾತ್ರ ಮಲಗಿಸಿ ನೋಡಿ. ಕೆಲವು ರೌಟರುಗಳಲ್ಲಿ 2.4 ಮತ್ತು 5 ಗಿಗಾಹರ್ಟ್ಸ್‌ಗೆ ಬೇರೆಬೇರೆ ಕಡ್ಡಿಗಳಿದ್ದು, ಹೊರಗಿನಿಂದ ಗುರುತೇ ಸಿಗುವುದಿಲ್ಲ. ಒಂದನ್ನು ಮಲಗಿಸಿ ಫಲ ಕಾಣದಿದ್ದರೆ ಪಕ್ಕದ್ದನ್ನು ಮಲಗಿಸಿ.

ನೆಟ್ಟಗೆ ಎಂದರೆ ನೆಲಕ್ಕೆ ನೆಟ್ಟಗೆ, ರೌಟರಿಗಲ್ಲ. ಗೋಡೆಗೆ ಮೊಳೆ ಹೊಡೆದು ನೇತುಹಾಕಿದ ರೌಟರಿನಲ್ಲಿ ಕಡ್ಡಿಗಳು ಗೋಡೆಯಿಂದ ಹೊರಕ್ಕೆ ಚಾಚಿಕೊಂಡಿರುವುದನ್ನು ಎಷ್ಟೋ ಮನೆಗಳಲ್ಲಿ ನೋಡಬಹುದು. ಅವೆಲ್ಲ ಮಲಗಿದ ಕಡ್ಡಿಗಳೇ. ತುದಿಗಳು ನೋಡುತ್ತಿರುವುದು ಹಾಲ್‌ನ ಸೋಫಾವನ್ನು. ಹೆಚ್ಚು ಡಿಬಿಐ ಎಂದು ಹೊಗಳಿಕೊಳ್ಳುವ ಉದ್ದನೆಯ ಆಂಟೆನಾಗಳ ಬಗ್ಗೆಯೂ ಒಂದು ಮಾತು. ಅವು ಹೊಸ ಶಕ್ತಿ ಸೃಷ್ಟಿಸುವುದಿಲ್ಲ, ವಡೆಯನ್ನು ಚಪ್ಪಟೆ ಮಾಡಿ ದೂರಕ್ಕೆ ಹರಡುತ್ತವೆ. ಎರಡಂತಸ್ತಿನ ಮನೆಗೆ ಅವನ್ನು ತಂದು ಎಲ್ಲವನ್ನೂ ನೆಟ್ಟಗೆ ನಿಲ್ಲಿಸಿದರೆ ಮೇಲಿನವರಿಗೆ ಇನ್ನಷ್ಟು ನಷ್ಟ.

ಫಲ ಸಿಕ್ಕಿತೇ ಎಂದು ತಿಳಿಯಲು ಫೋನಿನ ಗೀರುಗಳನ್ನು ನಂಬಬೇಡಿ. ಸಿಗ್ನಲನ್ನು ಡಿಬಿಎಂ ಅಂಕೆಯಲ್ಲಿ ತೋರಿಸುವ ಆಪ್ ಹಾಕಿಕೊಂಡು, ಫೋನನ್ನು ಒಂದೇ ಜಾಗದಲ್ಲಿ ಒಂದೇ ಭಂಗಿಯಲ್ಲಿಟ್ಟು, ಅರ್ಧ ನಿಮಿಷ ಬಿಟ್ಟು ಓದಿ. ಅಂಕೆ ಋಣಾತ್ಮಕ: −60 ಚೆನ್ನಾಗಿದೆ, −80 ಅಂದರೆ ಪರದಾಟ. ಪ್ರತಿ 3 ಅಂಕಕ್ಕೆ ಶಕ್ತಿ ಎರಡು ಪಟ್ಟು ಅಥವಾ ಅರ್ಧ. ಫೋನ್ ನಡುವೆ ತನ್ನಷ್ಟಕ್ಕೆ 5ರಿಂದ 2.4 ಗಿಗಾಹರ್ಟ್ಸ್‌ಗೆ ಜಿಗಿದರೆ ಅಂಕೆ ಸುಧಾರಿಸಿದಂತೆ ಕಂಡು ಮೋಸವಾಗುತ್ತದೆ, ಆದ್ದರಿಂದ ಬ್ಯಾಂಡ್ ಅದೇ ಇದೆಯೇ ಎಂದೂ ಗಮನಿಸಿ. ಸುಮ್ಮನಿಟ್ಟ ಫೋನಿನಲ್ಲೂ ಎರಡು ಮೂರು ಅಂಕ ಏರಿಳಿಯುವುದು ಸಹಜ. ಕಡ್ಡಿ ತಿರುಗಿಸಿದ್ದಕ್ಕೆ ಅದಕ್ಕಿಂತ ಹೆಚ್ಚು ಸುಧಾರಣೆ ಬಾರದಿದ್ದರೆ ತಡೆಯುತ್ತಿರುವುದು ಕಬ್ಬಿಣದ ಸರಳು ತುಂಬಿದ ಕಾಂಕ್ರೀಟ್ ಸ್ಲ್ಯಾಬ್ ಇರಬಹುದು. 5 ಗಿಗಾಹರ್ಟ್ಸ್ ಅಲೆಗೆ ಅದನ್ನು ದಾಟುವುದು ಇನ್ನೂ ಕಷ್ಟ. ಆಗ ರೌಟರನ್ನು ಮೆಟ್ಟಿಲ ಬಾಯಿಯ ಹತ್ತಿರ ಸರಿಸಿ, ಅಥವಾ ಒಂದು ಲ್ಯಾನ್ ಕೇಬಲ್ ಎಳೆದು ಮೇಲೊಂದು ರೌಟರ್ ಇಡಿ.