ಡಿಕಾಕ್ಷನ್ನಿನ ಕೆಫೀನ್ ಮತ್ತು ಮೂರು ಒಂಬತ್ತುಗಳು

ಎಂ.ಎಸ್ಸಿ. ಪ್ರಯೋಗಶಾಲೆಯಲ್ಲಿ ಪ್ರತಿ ವರ್ಷ ಫಿಲ್ಟರ್ ಕಾಫಿಯ ಡಿಕಾಕ್ಷನ್ ತರಿಸಿ, ಅದರಲ್ಲಿ ಕೆಫೀನ್ ಎಷ್ಟಿದೆಯೆಂದು ಅಳೆಸುತ್ತೇನೆ. ಅಳೆಯುವ ಯಂತ್ರ ಎಚ್‌ಪಿಎಲ್‌ಸಿ. ಶೋಧಿಸಿದ ದ್ರವವನ್ನು ಒತ್ತಡದಲ್ಲಿ ಉಕ್ಕಿನ ಕೊಳವೆಯೊಂದರ ಮೂಲಕ ಹರಿಸಿದರೆ ಅದರೊಳಗಿನ ವಸ್ತುಗಳು ಒಂದೊಂದಾಗಿ ಹೊರಬರುತ್ತವೆ, ಪರದೆಯ ಮೇಲೆ ಒಂದೊಂದಕ್ಕೂ ಒಂದು ಗುಡ್ಡ ಏಳುತ್ತದೆ. ಯಂತ್ರ ಕೊಡುವುದು ಆ ಗುಡ್ಡದ ವಿಸ್ತೀರ್ಣವನ್ನಷ್ಟೆ. ಅದನ್ನು ಮಿಲಿಗ್ರಾಂಗೆ ತಿರುಗಿಸುವ ಕೆಲಸ ನಮ್ಮದು.

ಅದಕ್ಕೇ ಕ್ಯಾಲಿಬ್ರೇಷನ್ ರೇಖೆ ಬೇಕು. ಲೀಟರಿಗೆ 2, 4, 6, 8, 10 ಮಿಲಿಗ್ರಾಂ ಶುದ್ಧ ಕೆಫೀನ್ ಇರುವ ಐದು ದ್ರಾವಣ ಮಾಡಿಕೊಂಡು ಯಂತ್ರಕ್ಕೆ ಹಾಕುತ್ತೇವೆ. ಈ ಸಲ ಒಂದು ಗುಂಪಿಗೆ ಸಿಕ್ಕ ವಿಸ್ತೀರ್ಣ: 100, 204, 304, 399, 488. ವರದಿಯಲ್ಲಿ ಗ್ರಾಫ್ ಅಂಟಿಸಿ, ಕೆಳಗೆ ದಪ್ಪ ಅಕ್ಷರದಲ್ಲಿ R² = 0.999 ಎಂದು ಬರೆದು ತಂದರು.

"ಮೂರು ಒಂಬತ್ತು ಬಂದಿದೆ ಸರ್, ಇನ್ನೇನು ಬೇಕು?"

ರೇಖೆಯನ್ನು ಮರೆತು, ಪ್ರತಿ ಬಿಂದು ಅದರಿಂದ ಎಷ್ಟು ಮೇಲೆ ಅಥವಾ ಕೆಳಗೆ ಕೂತಿದೆ ಎಂಬುದನ್ನು ಮಾತ್ರ ಬರೆಯಿರಿ ಎಂದೆ. ಬಂದ ಅಂಕಿಗಳು: −4.8, 2.1, 5.0, 2.9, −5.2. ತುದಿಗಳೆರಡೂ ಕೆಳಗೆ, ನಡುವಿನ ಮೂರೂ ಮೇಲೆ. ಇದು ಕೈತಪ್ಪಿನ ಏರುಪೇರಲ್ಲ, ಬಿಲ್ಲಿನ ಆಕಾರ. ರೇಖೆ ನಿಜಕ್ಕೂ ಬಾಗಿದೆ. ಇದೇ ರೇಖೆಯಿಂದ 2 ಮಿಲಿಗ್ರಾಂ ದ್ರಾವಣವನ್ನೇ ಮರಳಿ ಲೆಕ್ಕ ಹಾಕಿದರೆ 1.9 ಬರುತ್ತದೆ, ಅಂದರೆ ಶೇ. 5ರಷ್ಟು ತಪ್ಪು. R² ಬಾಯಿ ಬಿಡಲಿಲ್ಲ. ಏಕೆಂದರೆ ಅದು ಹೇಳುವುದು ಬಿಂದುಗಳು ಒಟ್ಟಾರೆ ಏರಿದ ಎತ್ತರಕ್ಕೆ ಹೋಲಿಸಿದರೆ ಈ ಅಲುಗಾಟ ಎಷ್ಟು ಚಿಕ್ಕದು ಎಂಬುದನ್ನು. ಏರು ದೊಡ್ಡದಿದ್ದರೆ ಬಾಗು ಮುಚ್ಚಿಹೋಗುತ್ತದೆ.

ಇನ್ನೊಂದು ಗುಂಪಿನ ಅಂಕಿ: 103, 199, 305, 398, 504. ಇಲ್ಲಿ ವ್ಯತ್ಯಾಸಗಳು 1.4, −2.7, 3.2, −3.9, 2.0. ಮೇಲೆ ಕೆಳಗೆ ಚೆದುರಿವೆ, ಆಕಾರವಿಲ್ಲ. ಇಂಥ ರೇಖೆಯನ್ನು ವರದಿಯಲ್ಲಿ ಹೀಗೆ ಕೊಡಬೇಕು: ಇಳಿಜಾರು 50.1 ± 1.8, ಶೂನ್ಯದ ಬಳಿ ರೇಖೆ ಅಕ್ಷವನ್ನು ಮುಟ್ಟುವ ಅಂಕಿ 1.5 ± 12, ಬಿಂದುಗಳ ಚೆದುರು s = 3.6, ಬಿಂದುಗಳು 5, ವ್ಯಾಪ್ತಿ 2ರಿಂದ 10. ಎಕ್ಸೆಲ್‌ನ `LINEST` ಇಳಿಜಾರು, ಅಕ್ಷದ ಅಂಕಿ, ಅವೆರಡರ ದೋಷ, s ಎಲ್ಲವನ್ನೂ ಒಟ್ಟಿಗೆ ಕೊಡುತ್ತದೆ. ಆ ದೋಷವನ್ನು 3.18ರಿಂದ ಗುಣಿಸಿದರೆ ಶೇ. 95 ಭರವಸೆಯ ± ಸಿಗುತ್ತದೆ. ಐದು ಬಿಂದುಗಳಲ್ಲಿ ಎರಡು ಅಂಕಿಗಳನ್ನು ರೇಖೆಗೇ ಖರ್ಚು ಮಾಡಿದ್ದರಿಂದ ಉಳಿದದ್ದು ಮೂರೇ, ಅದಕ್ಕೇ ಗುಣಕ ಇಷ್ಟು ದೊಡ್ಡದು. 1.5 ± 12ರೊಳಗೆ ಸೊನ್ನೆಯೂ ಇರುವುದರಿಂದ ಕೆಫೀನ್ ಇಲ್ಲದೆಯೂ ಗುಡ್ಡ ಏಳುತ್ತಿದೆ ಎನ್ನಲು ಪುರಾವೆಯಿಲ್ಲ.

ಇನ್ನು ಪತ್ತೆಮಿತಿ. ಔಷಧ ಕ್ಷೇತ್ರದ ಅಂತರರಾಷ್ಟ್ರೀಯ ಮಾರ್ಗಸೂಚಿ ಐಸಿಎಚ್ ಹೇಳುವ ಒಂದು ಸೂತ್ರ `3.3 × s / ಇಳಿಜಾರು`. ನಮ್ಮ ಅಂಕಿ ಹಾಕಿದರೆ ಲೀಟರಿಗೆ 0.24 ಮಿಲಿಗ್ರಾಂ. ಈ 3.3 ಎಲ್ಲಿಂದ ಬಂತೆಂದು ಕೇಳುವವರು ಕಡಿಮೆ. ವಸ್ತು ಇಲ್ಲದಿದ್ದರೂ ಯಂತ್ರದ ಗದ್ದಲ ಒಮ್ಮೊಮ್ಮೆ ಗುಡ್ಡದಂತೆ ಕಾಣುತ್ತದೆ. ಆ ಸುಳ್ಳು ಕರೆ ನೂರಕ್ಕೆ ಐದನ್ನು ಮೀರಬಾರದೆಂದರೆ ಗದ್ದಲದ 1.645 ಪಟ್ಟಿನಷ್ಟು ಮೇಲೆ ಗೆರೆ ಎಳೆಯಬೇಕು. ಆದರೆ ನಿಜ ಪ್ರಮಾಣ ಸರಿಯಾಗಿ ಆ ಗೆರೆಯಲ್ಲೇ ಇದ್ದರೆ ಅರ್ಧದಷ್ಟು ಸಲ ಅಳತೆ ಗೆರೆಯ ಕೆಳಗೆ ಬಿದ್ದು, ಇರುವುದನ್ನೇ ಇಲ್ಲವೆನ್ನುತ್ತೇವೆ. ಆ ತಪ್ಪನ್ನೂ ನೂರಕ್ಕೆ ಐದಕ್ಕೆ ಇಳಿಸಲು ಇನ್ನೊಂದು 1.645 ಮೇಲೇರಬೇಕು. ಎರಡೂ ಸೇರಿ 3.29. ಇದು 'ಇದೆ' ಎನ್ನುವ ಮಾತಿಗೆ ಮಾತ್ರ. 'ಇಷ್ಟಿದೆ' ಎನ್ನಲು 3.3ರ ಬದಲು 10 ಹಾಕಬೇಕು, ಆಗ 0.72.

ಒಂದು ತಕರಾರಿದೆ. ನಮ್ಮ ಅತಿ ತೆಳುವಾದ ದ್ರಾವಣವೇ 2 ಮಿಲಿಗ್ರಾಂ. ಅಲ್ಲಿಗೂ 0.24ಕ್ಕೂ ಎಂಟು ಪಟ್ಟು ಅಂತರ. ಅಲ್ಲಿನ ಚೆದುರು ಇಲ್ಲಿಯಷ್ಟೇ ಇರುತ್ತದೆಂದು ನಾವು ಊಹಿಸಿದ್ದೇವೆ. ಹಾಗಾಗಿ ಅಂದಾಜಿನ ಆಸುಪಾಸಿನ ದ್ರಾವಣಗಳನ್ನೇ ಮಾಡಿ ಹಲವು ಸಲ ಯಂತ್ರಕ್ಕೆ ಹಾಕಿ ನೋಡಬೇಕು. ಯಾವ ಸೂತ್ರ, ಯಾವ s ಎಂಬುದನ್ನು ಬರೆಯದ ಪತ್ತೆಮಿತಿಯನ್ನು ನಾನು ಓದುವುದೇ ಇಲ್ಲ.

ನೂರು ಪಟ್ಟು ತೆಳುಮಾಡಿದ ಡಿಕಾಕ್ಷನ್ನಿಗೆ ಮೂರು ಸಲದ ಸರಾಸರಿ ವಿಸ್ತೀರ್ಣ 356 ಬಂತು, ಅಂದರೆ 7.1 ± 0.2. ಮೂಲದಲ್ಲಿ ಲೀಟರಿಗೆ ಸುಮಾರು 710 ± 20 ಮಿಲಿಗ್ರಾಂ. ತೂಕ, ಪಿಪೆಟ್‌ಗಳ ತಪ್ಪು ಈ ±ನಲ್ಲಿ ಸೇರಿಲ್ಲ.

ಪಕ್ಕದಲ್ಲಿ ಡಿಕ್ಯಾಫ್ ಕಾಫಿಯೂ ಇತ್ತು, ಅದನ್ನೂ ನೂರು ಪಟ್ಟು ತೆಳುಮಾಡಿದ್ದರು. ಕೆಫೀನ್ ಬರುವ ಹೊತ್ತಿಗೆ ಚಿಕ್ಕ ಉಬ್ಬು, ವಿಸ್ತೀರ್ಣ 9. ಒಬ್ಬಳು '0.15' ಎಂದು ಬರೆದಳು, ಇನ್ನೊಬ್ಬ 'ಸೊನ್ನೆ' ಎಂದ. ಎರಡನ್ನೂ ಹೊಡೆದುಹಾಕಿ '0.24ಕ್ಕಿಂತ ಕಡಿಮೆ' ಎಂದು ಬರೆಸಿದೆ. ಅದನ್ನು ನೂರರಿಂದ ಗುಣಿಸಿದರೆ ಲೀಟರು ಡಿಕ್ಯಾಫ್‌ನಲ್ಲಿ 24 ಮಿಲಿಗ್ರಾಂವರೆಗೂ ಅಡಗಿರಬಹುದು. ಐದೇ ಪಟ್ಟು ತೆಳುಮಾಡಿ ಮತ್ತೆ ಹಾಕಿದರು. ಈ ಸಲ ವಿಸ್ತೀರ್ಣ 153, ಅಂದರೆ 3.0, ರೇಖೆಯ ವ್ಯಾಪ್ತಿಯೊಳಗೇ. ಡಿಕ್ಯಾಫ್‌ನಲ್ಲಿ ಲೀಟರಿಗೆ 15 ಮಿಲಿಗ್ರಾಂ ಕೆಫೀನ್ ಇತ್ತು.