ಪರದೆಯ ಮೇಲೊಂದು ಲಂಬಕ: ಪ್ರೊಜೆಕ್ಟರ್ ಚಿತ್ರ ಯಾಕೆ ಓರೆಯಾಗುತ್ತದೆ, ಅಂಚು ಎಲ್ಲಿಗೆ ಹೋಗುತ್ತದೆ?

ಮೇಜಿನ ಮೇಲಿಟ್ಟ ಪ್ರೊಜೆಕ್ಟರನ್ನು ಆನ್ ಮಾಡಿದಾಗ ಆಯತಾಕಾರದ ಚಿತ್ರ ಬೀಳಬೇಕು. ಆದರೆ ಅನೇಕ ಸಲ ಮೇಲೆ ಅಗಲ, ಕೆಳಗೆ ಕಿರಿದಾದ ಆಕೃತಿ ಬೀಳುತ್ತದೆ. ಗಣಿತದ ಪುಸ್ತಕದಲ್ಲಿ ಇದಕ್ಕೆ ತ್ರಾಪಿಜ್ಯ ಎನ್ನುತ್ತೇವೆ. ಪಕ್ಕದ ತರಗತಿಯ ಮಲಯಾಳ ಮಕ್ಕಳಿಗೆ ಇದೇ ಲಂಬಕಂ, ಮರಾಠಿಯವರಿಗೆ ಸಮಲಂಬ ಚೌಕೋನ. ಹೆಸರು ಏನೇ ಇರಲಿ, ತೊಂದರೆ ಒಂದೇ. ಚಿತ್ರದ ಮೇಲಿನ ಎರಡು ಮೂಲೆಗಳು ಪರದೆಯಿಂದಾಚೆ ಗೋಡೆಗೆ ಹೋಗುತ್ತವೆ, ಕೋಷ್ಟಕದ ಕೊನೆಯ ಕಾಲಂ ಕಾಣುವುದಿಲ್ಲ. ಆಗ ಯಾರೋ ಒಬ್ಬರು ಝೂಮ್ ತಿರುಗಿಸ್ತಾರೆ, ಇನ್ನೊಬ್ಬರು ರಿಮೋಟಿನ Keystone ಗುಂಡಿ ಒತ್ತುತ್ತಾರೆ. ಚಿತ್ರ ನೆಟ್ಟಗಾಗುತ್ತದೆ, ಆದರೆ ಸಣ್ಣದೂ ಆಗುತ್ತದೆ, ಅಕ್ಷರವೂ ಮಸುಕಾಗುತ್ತದೆ. ಹೀಗೆ ಯಾಕೆ ಆಗುತ್ತದೆ ಎಂದು ಒಂದು ಲೆಕ್ಕದ ಮೂಲಕ ನೋಡೋಣ.

ರಟ್ಟಿನ ಹಾಳೆಯ ಲೆಕ್ಕ

ನಮ್ಮ ಉದಾಹರಣೆಯಲ್ಲಿ ಪರದೆ 200 ಸೆಂ.ಮೀ. ಅಗಲ, 150 ಸೆಂ.ಮೀ. ಎತ್ತರ. ಪ್ರೊಜೆಕ್ಟರ್ ಅದರಿಂದ 3 ಮೀಟರ್ ದೂರದಲ್ಲಿದೆ. ಅದನ್ನು ಸಮತಟ್ಟಾಗಿ ಇಟ್ಟರೆ 3 ಮೀಟರ್ ದೂರದಲ್ಲಿ ಸರಿಯಾಗಿ 200 × 150 ಸೆಂ.ಮೀ. ಚಿತ್ರ ಬೀಳುತ್ತದೆ ಎಂದಿಟ್ಟುಕೊಳ್ಳಿ. ತರಗತಿಯಲ್ಲಿ ಬಳಸುವ ಬಹಳಷ್ಟು ಪ್ರೊಜೆಕ್ಟರುಗಳು ಬೆಳಕನ್ನು ಸ್ವಲ್ಪ ಮೇಲ್ಮುಖವಾಗಿಯೇ ಎಸೆಯುತ್ತವೆ. ಚಿತ್ರದ ಕೆಳ ಅಂಚು ಲೆನ್ಸಿನ ಮಟ್ಟದ ಆಸುಪಾಸಿನಲ್ಲಿರುತ್ತದೆ. ನಮ್ಮದರಲ್ಲಿ ಅದು ಸರಿಯಾಗಿ ಲೆನ್ಸಿನ ಮಟ್ಟದಲ್ಲೇ ಇದೆ ಎನ್ನೋಣ.

ಆದರೆ ಪರದೆಯ ಕೆಳ ಅಂಚು ಲೆನ್ಸಿಗಿಂತ 60 ಸೆಂ.ಮೀ. ಮೇಲಿದೆ. ಹಾಗಾಗಿ ಪ್ರೊಜೆಕ್ಟರಿನ ಮುಂಭಾಗದ ಅಡಿಗೆ ಎರಡು ಪುಸ್ತಕ ಕೊಟ್ಟು ಮೂತಿ ಎತ್ತುತ್ತೇವೆ. 300 ಸೆಂ.ಮೀ.ಗೆ 60 ಸೆಂ.ಮೀ. ಏರು ಅಂದರೆ ಸುಮಾರು 11 ಡಿಗ್ರಿ ಓರೆ.

ಇದರಿಂದ ಚಿತ್ರದ ಮೇಲ್ಭಾಗ ಅಗಲವಾಗುವುದು ಯಾಕೆ? "ಮೇಲಿನ ಕಿರಣ ಹೆಚ್ಚು ದೂರ ಹೋಗುತ್ತದೆ, ಅದಕ್ಕೆ" ಎಂದು ಹೇಳುವುದುಂಟು. ಅದು ಅರ್ಧ ಸತ್ಯ ಮಾತ್ರ. ಪ್ರೊಜೆಕ್ಟರ್ ಸಮತಟ್ಟಾಗಿದ್ದಾಗಲೂ ಮೇಲಿನ ಕಿರಣ ಕೆಳಗಿನದಕ್ಕಿಂತ ಉದ್ದವೇ, ಆದರೂ ಚಿತ್ರ ಆಯತವಾಗಿಯೇ ಇರುತ್ತದೆ. ನಿಜವಾದ ಕಾರಣ ತಿಳಿಯಲು ಪ್ರೊಜೆಕ್ಟರಿನ ಮೂತಿಗೆ ಸಮಾಂತರವಾಗಿ ಒಂದು ದೊಡ್ಡ ರಟ್ಟಿನ ಹಾಳೆ ಹಿಡಿದಿದ್ದೇವೆ ಎಂದು ಊಹಿಸಿ. ಆ ಹಾಳೆಯ ಮೇಲೆ ಯಾವಾಗಲೂ ಸರಿಯಾದ ಆಯತವೇ ಬೀಳುತ್ತದೆ. ಹಾಳೆಯನ್ನು ದೂರ ಒಯ್ದ ಹಾಗೆ ಆಯತ ಅದೇ ಪ್ರಮಾಣದಲ್ಲಿ ದೊಡ್ಡದಾಗುತ್ತದೆ. ದೂರ ಎರಡು ಪಟ್ಟಾದರೆ ಅಗಲವೂ ಎರಡು ಪಟ್ಟು.

ಈಗ ಮೂತಿ ಮೇಲಕ್ಕೆತ್ತಿದ್ದೇವೆ, ರಟ್ಟೂ ಅಷ್ಟೇ ಓರೆಯಾಗಿದೆ. ಪರದೆ ಮಾತ್ರ ನೆಟ್ಟಗೆ ನಿಂತಿದೆ. ಆದ್ದರಿಂದ ಚಿತ್ರದ ಕೆಳ ಅಂಚು 3.06 ಮೀಟರ್ ದೂರದ ರಟ್ಟಿನಲ್ಲಿ ಬಿದ್ದಷ್ಟು ಅಗಲ ಇರುತ್ತದೆ, ಮೇಲಿನ ಅಂಚು 3.40 ಮೀಟರ್ ದೂರದ ರಟ್ಟಿನಲ್ಲಿ ಬಿದ್ದಷ್ಟು. ಲೆಕ್ಕ ಹಾಕಿದರೆ ಕೆಳಗೆ 204 ಸೆಂ.ಮೀ., ಮೇಲೆ 227 ಸೆಂ.ಮೀ. ಬರುತ್ತದೆ. ಎತ್ತರವೂ 150ರಿಂದ 173 ಸೆಂ.ಮೀ.ಗೆ ಬೆಳೆಯುತ್ತದೆ. ಪರದೆ ಇರುವುದು 200 × 150. ಹಾಗಾಗಿ ಮೇಲ್ಗಡೆ ಎರಡೂ ಪಕ್ಕದಲ್ಲಿ 13 ಸೆಂ.ಮೀ.ಗಿಂತ ಹೆಚ್ಚು, ನೆತ್ತಿಯಲ್ಲಿ 23 ಸೆಂ.ಮೀ. ಚಿತ್ರ ಪರದೆಯ ಹೊರಗೆ ಬೀಳುತ್ತದೆ. ಅಂದರೆ ಇಲ್ಲಿ ಓರೆಯಾಗಿದ್ದಕ್ಕೂ ಕತ್ತರಿಸಿ ಹೋಗಿದ್ದಕ್ಕೂ ಕಾರಣ ಒಂದೇ: ಎತ್ತಿದ ಮೂತಿ.

ಕಲ್ಲಿನ ಕಮಾನಿನ ನೆತ್ತಿಯಲ್ಲಿ ಬಿಗಿಯುವ ಕಲ್ಲನ್ನು ನೋಡಿದ್ದೀರಾ? ಅದೂ ಹೀಗೇ, ಮೇಲೆ ಅಗಲ, ಕೆಳಗೆ ಕಿರಿದು. ಇಂಗ್ಲಿಷಿನಲ್ಲಿ ಆ ಕಲ್ಲಿನ ಹೆಸರು ಕೀಸ್ಟೋನ್. ಈ ಓರೆಗೂ ಅದೇ ಹೆಸರು ಬಂತು.

ಕೀಸ್ಟೋನ್ ಗುಂಡಿ ಏನು ಮಾಡುತ್ತದೆ?

ಗುಂಡಿ ಒತ್ತಿದರೆ ಬೆಳಕು ಬಾಗುವುದಿಲ್ಲ, ಲೆನ್ಸೂ ಅಲ್ಲಾಡುವುದಿಲ್ಲ. ಪ್ರೊಜೆಕ್ಟರಿನೊಳಗೆ ಚಿತ್ರ ಮೂಡಿಸುವ ಒಂದು ಸಣ್ಣ ಫಲಕ ಇದೆ. ನಮ್ಮ ಉದಾಹರಣೆಯಲ್ಲಿ ಅದರಲ್ಲಿ ಅಡ್ಡಕ್ಕೆ 1024, ಉದ್ದಕ್ಕೆ 768 ಚುಕ್ಕೆಗಳಿವೆ ಎನ್ನೋಣ. ಈ ಚುಕ್ಕೆಗಳೇ ಪಿಕ್ಸೆಲ್. ಪರದೆಯಲ್ಲಿ ಮೇಲ್ಭಾಗ ಅಗಲವಾಗುತ್ತದೆ ಎಂದು ಗೊತ್ತಿದೆಯಲ್ಲ, ಹಾಗಾಗಿ ಯಂತ್ರ ಫಲಕದ ಮೇಲೆಯೇ ಚಿತ್ರದ ಮೇಲ್ಭಾಗವನ್ನು ಕಿರಿದಾಗಿ ಬರೆಯುತ್ತದೆ. ಒಂದು ಓರೆಗೆ ಎದುರಾಗಿ ಇನ್ನೊಂದು ಓರೆ.

ಮೇಲಿನ 227 ಸೆಂ.ಮೀ. ಅಗಲವನ್ನು 204ಕ್ಕೆ ಇಳಿಸಬೇಕಾದರೆ ಮೇಲಿನ ಸಾಲಿನ 1024 ಚುಕ್ಕೆಗಳಲ್ಲಿ ಸುಮಾರು 920 ಮಾತ್ರ ಬಳಸಬೇಕು. ಉಳಿದ ನೂರು ಚುಕ್ಕೆಗಳು ಕಪ್ಪಾಗಿ ಸುಮ್ಮನೆ ಕೂರುತ್ತವೆ. 204 ಅಗಲಕ್ಕೆ 153 ಎತ್ತರ ಸಾಕು, ಆದ್ದರಿಂದ ಮೇಲಿನ ಕೆಲವು ಸಾಲುಗಳನ್ನೂ ಬಿಡಬೇಕಾಗುತ್ತದೆ. ಒಟ್ಟು ಫಲಕದ ಸುಮಾರು 15 ಶೇಕಡಾ ಕೆಲಸಕ್ಕೆ ಬಾರದಂತಾಗುತ್ತದೆ. ಕೋಣೆ ಕತ್ತಲಾಗಿದ್ದರೆ ಇದನ್ನು ಕಣ್ಣಾರೆ ನೋಡಬಹುದು. ನೆಟ್ಟಗಾದ ಚಿತ್ರದ ಸುತ್ತ ಮಂದ ಬೂದು ಬಣ್ಣದ ಲಂಬಕ ಕಾಣುತ್ತದೆ. ಕಪ್ಪು ಚುಕ್ಕೆಗಳಿಂದಲೂ ಚೂರು ಬೆಳಕು ಸೋರುತ್ತದೆ, ಅದೇ ಅದು.

ಅಕ್ಷರ ಮಸುಕಾಗುವುದೂ ಇಲ್ಲೇ. ಲ್ಯಾಪ್‌ಟಾಪ್ ಕಳಿಸಿದ 1024 ಚುಕ್ಕೆಗಳ ವಿವರವನ್ನು 920ರಲ್ಲಿ ತುರುಕಬೇಕು. ಒಂದೇ ಚುಕ್ಕೆ ದಪ್ಪದ ಗೆರೆ ಎರಡು ಚುಕ್ಕೆಗಳ ನಡುವೆ ಬಿದ್ದು ಬೂದಿಯಾಗುತ್ತದೆ. ದೊಡ್ಡ ಚಿತ್ರಕ್ಕೆ ಇದರಿಂದ ಏನೂ ಆಗುವುದಿಲ್ಲ, ಸಣ್ಣ ಕನ್ನಡ ಅಕ್ಷರಕ್ಕೆ ಆಗುತ್ತದೆ. 'ಪ'ದ ನಡುವಿನ ಒಂದು ಗೆರೆಯಿಂದ 'ಷ' ಆಗುತ್ತದೆ, ಕೆಳಗಿನ ಒಂದು ಸೀಳಿನಿಂದ 'ಫ' ಆಗುತ್ತದೆ. ಆ ಗೆರೆ ಮಾಸಿದರೆ ಹಿಂದಿನ ಬೆಂಚಿನವರು ಒಂದನ್ನು ಇನ್ನೊಂದಾಗಿ ಓದುತ್ತಾರೆ. ಒತ್ತಕ್ಷರಗಳ ಪಾಡೂ ಅಷ್ಟೇ.

ಯಾವುದು ಮೊದಲು?

ಕೀಸ್ಟೋನ್ ಕೊನೆಯ ಮದ್ದು, ಮೊದಲನೆಯದಲ್ಲ. ಮೊದಲು Keystone ಅಂಕೆಯನ್ನು 0ಗೆ ತನ್ನಿ. ಆಮೇಲೆ ಪ್ರೊಜೆಕ್ಟರನ್ನು ಪರದೆಯ ನಡುಗೆರೆಗೆ ನೇರವಾಗಿ ಇಡಿ. ಪಕ್ಕಕ್ಕೆ ಸರಿದಿದ್ದರೆ ಲಂಬಕ ಅಡ್ಡಡ್ಡ ಬೀಳುತ್ತದೆ, ಅಂದರೆ ಎಡ ಮತ್ತು ಬಲ ಅಂಚಿನ ಎತ್ತರ ಬೇರೆ ಬೇರೆ ಇರುತ್ತದೆ. ಅನೇಕ ಸಣ್ಣ ಪ್ರೊಜೆಕ್ಟರುಗಳ ಕೀಸ್ಟೋನ್ ಮೇಲೆ ಕೆಳಗಿನ ಓರೆಯನ್ನಷ್ಟೇ ತಿದ್ದುತ್ತದೆ. ಪಕ್ಕದ ಓರೆಗೆ ಮೇಜನ್ನೇ ಸರಿಸಬೇಕು.

ಎರಡನೆಯದು, ಪ್ರೊಜೆಕ್ಟರನ್ನು ಎತ್ತರಿಸಿ. ಮೂತಿ ಮಾತ್ರ ಅಲ್ಲ, ಇಡೀ ಯಂತ್ರವನ್ನು. ನಮ್ಮ ಉದಾಹರಣೆಯಲ್ಲಿ ಮೇಜಿನ ಮೇಲೆ 45 ಸೆಂ.ಮೀ. ಎತ್ತರದ ಗಟ್ಟಿ ಸ್ಟೂಲ್ ಇಟ್ಟರೆ ಉಳಿಯುವ ಏರು 15 ಸೆಂ.ಮೀ. ಮಾತ್ರ, ಓರೆ 3 ಡಿಗ್ರಿಗೂ ಕಡಿಮೆ. ಆಗ ಕೆಳಗೆ 200, ಮೇಲೆ 205 ಸೆಂ.ಮೀ. 23 ಸೆಂ.ಮೀ. ಇದ್ದ ವ್ಯತ್ಯಾಸ 5ಕ್ಕೆ ಇಳಿಯಿತು. ಸ್ಟೂಲ್ ಅಲ್ಲಾಡಬಾರದು, ವಯರು ಕಾಲಿಗೆ ಸಿಗಬಾರದು, ಗಾಳಿ ಬರುವ ಕಿಂಡಿ ಮುಚ್ಚಬಾರದು. ಈ ಕೆಲಸ ಮಾಡುವಾಗ ಲೆನ್ಸಿನೊಳಗೆ ನೋಡಲೇಬೇಡಿ.

ಎತ್ತರಿಸಲು ಆಗುವುದೇ ಇಲ್ಲ ಅಂದರೆ ಪರದೆಯನ್ನು ಓರೆ ಮಾಡಬಹುದು. ಹಿಂದೆ ಪಾರದರ್ಶಕ ಹಾಳೆಯ ಓವರ್‌ಹೆಡ್ ಪ್ರೊಜೆಕ್ಟರ್ ಬಳಸುತ್ತಿದ್ದಾಗ ಪರದೆಯ ಮೇಲ್ತುದಿಯನ್ನು ಮುಂದಕ್ಕೆ ಹಿಡಿಯುವ ಒಂದು ತೋಳು ಇರುತ್ತಿತ್ತು. ಲೆಕ್ಕ ಅದೇ: ಪರದೆ ನಮ್ಮ ರಟ್ಟಿಗೆ ಸಮಾಂತರವಾದರೆ ಲಂಬಕವೇ ಇಲ್ಲ. 150 ಸೆಂ.ಮೀ. ಎತ್ತರದ ಪರದೆ 11 ಡಿಗ್ರಿ ಬಾಗಲು ಮೇಲ್ತುದಿ ಸುಮಾರು 30 ಸೆಂ.ಮೀ. ಮುಂದೆ ಬರಬೇಕು. ಇದರಲ್ಲಿ ಒಂದು ಚುಕ್ಕೆಯೂ ನಷ್ಟವಾಗುವುದಿಲ್ಲ. ಮೇಲೂ ಕೆಳಗೂ ಫೋಕಸ್ ಒಟ್ಟಿಗೆ ಸಿಗುತ್ತದೆ, ಕೀಸ್ಟೋನ್ ಗುಂಡಿಯಿಂದ ಅದು ಸಿಗದು. ಹೀಗೆ ಮಾಡುವಾಗ Auto Keystone ಇದ್ದರೆ ಅದನ್ನು ಆಫ್ ಮಾಡಿ. ಸಾಮಾನ್ಯವಾಗಿ ಅದು ಪ್ರೊಜೆಕ್ಟರ್ ಎಷ್ಟು ವಾಲಿದೆ ಎಂದು ಮಾತ್ರ ಅಳೆಯುತ್ತದೆ, ಪರದೆಯನ್ನು ನೋಡುವುದಿಲ್ಲ. ಪರದೆ ನೆಟ್ಟಗಿದೆ ಎಂದುಕೊಂಡು ಇಲ್ಲದ ಓರೆಯನ್ನು ತಿದ್ದಲು ಹೋಗುತ್ತದೆ.

ಇಷ್ಟಾದ ಮೇಲೂ ಉಳಿದ ಚೂರು ಓರೆಗೆ ಕೀಸ್ಟೋನ್ ಬಳಸಿ. ಝೂಮ್ ಅದರ ನಂತರ. ಕ್ರಮ ತಿರುಗಿಸಿದರೆ ಏನಾಗುತ್ತದೆ ನೋಡಿ. 227 ಸೆಂ.ಮೀ.ಯ ಮೇಲಿನ ಅಂಚನ್ನು ಮೊದಲೇ ಝೂಮಿನಿಂದ 200ಕ್ಕೆ ಕುಗ್ಗಿಸಿದರೆ ಕೆಳ ಅಂಚು 180 ಆಗುತ್ತದೆ. ಆಮೇಲೆ ಕೀಸ್ಟೋನ್ ಮೇಲಿನದನ್ನೂ 180ಕ್ಕೆ ತರುತ್ತದೆ. ಪರದೆಯಲ್ಲಿ 20 ಸೆಂ.ಮೀ. ಖಾಲಿ ಉಳಿಯಿತು. ಕೀಸ್ಟೋನ್ ಮೊದಲು ಮಾಡಿದ್ದರೆ 204 ಸಿಗುತ್ತಿತ್ತು, ಝೂಮಿನಿಂದ ಚೂರು ಇಳಿಸಿದರೆ 200. ಕೊನೆಗೆ ಫೋಕಸ್.

ಕಾಣೆಯಾದ ಅಂಚನ್ನು ಹುಡುಕುವುದು

ಎಲ್ಲ ಸರಿಮಾಡಿದ ಮೇಲೂ ಕೆಲವೊಮ್ಮೆ "ಟೀಚರ್, ಕೊನೇ ಕಾಲಂ ಕಾಣ್ತಾ ಇಲ್ಲ" ಎಂಬ ದೂರು ಬರುತ್ತದೆ. ಅದಕ್ಕೊಂದು ಸುಲಭ ಪರೀಕ್ಷೆ ಇದೆ. ಲ್ಯಾಪ್‌ಟಾಪಿನಲ್ಲಿ ಒಂದು ಖಾಲಿ ಸ್ಲೈಡ್ ತೆಗೆದು ಅಂಚಿಗೆ ಒತ್ತಿ ಚೌಕಟ್ಟು ಎಳೆಯಿರಿ. ನಾಲ್ಕು ಮೂಲೆಗಳಲ್ಲಿ 1, 2, 3, 4 ಬರೆದು ನಡುವೆ ಒಂದು ವೃತ್ತ ಬಿಡಿಸಿ. ಇದನ್ನು ಪೂರ್ಣ ಪರದೆಯಲ್ಲಿ ತೋರಿಸಿ.

ಕಾಣೆಯಾದ ಅಂಕೆ ಪಕ್ಕದ ಗೋಡೆಯ ಮೇಲೆ ಸಿಕ್ಕಿದರೆ ಅದು ಬೆಳಕಿನ ತೊಂದರೆ. ಲೆನ್ಸಿನ ಝೂಮ್ ಉಂಗುರ ತಿರುಗಿಸಿ. ಉಂಗುರ ಇಲ್ಲದಿದ್ದರೆ ಪ್ರೊಜೆಕ್ಟರನ್ನು ಮುಂದೆ ತನ್ನಿ. ನಮ್ಮ ಯಂತ್ರ 3 ಮೀಟರಿಗೆ 200 ಸೆಂ.ಮೀ. ಕೊಟ್ಟರೆ 2.7 ಮೀಟರಿಗೆ 180 ಕೊಡುತ್ತದೆ.

ಗೋಡೆಯ ಮೇಲೂ ಆ ಅಂಕೆ ಇಲ್ಲದಿದ್ದರೆ ಅದು ಪ್ರೊಜೆಕ್ಟರಿನಿಂದ ಹೊರಗೆ ಬಂದೇ ಇಲ್ಲ. ಆಗ ಉಂಗುರ ಎಷ್ಟು ತಿರುಗಿಸಿದರೂ ಪ್ರಯೋಜನವಿಲ್ಲ, ಕತ್ತರಿಸಿದ ಚಿತ್ರವೇ ಸಣ್ಣದಾಗುತ್ತದೆ. ಮೊದಲು ರಿಮೋಟ್ ನೋಡಿ. ಅದರಲ್ಲಿ D-Zoom ಎಂಬ ಗುಂಡಿ ಇರಬಹುದು. ಅದು ಲೆನ್ಸಿನ ಝೂಮ್ ಅಲ್ಲ. ಚಿತ್ರದ ನಡುಭಾಗವನ್ನು ಹಿಗ್ಗಿಸಿ ಅಂಚನ್ನು ಕತ್ತರಿಸುತ್ತದೆ. ಯಾರೋ ತಿಳಿಯದೆ ಒತ್ತಿರುತ್ತಾರೆ. ಅದೂ ಅಲ್ಲದಿದ್ದರೆ ಪ್ರೊಜೆಕ್ಟರಿನ ಮೆನು ತೆರೆದು Aspect Ratio ಮತ್ತು Overscan ನೋಡಿ, ಲ್ಯಾಪ್‌ಟಾಪಿನ ರೆಸಲ್ಯೂಷನ್ ಪ್ರೊಜೆಕ್ಟರಿಗೆ ಹೊಂದುತ್ತದೆಯೇ ನೋಡಿ.

ನಾಲ್ಕೂ ಅಂಕೆ ಕಂಡ ಮೇಲೆ ನಡುವಿನ ವೃತ್ತವನ್ನು ಅಳತೆಪಟ್ಟಿಯಿಂದ ಅಡ್ಡಕ್ಕೂ ಉದ್ದಕ್ಕೂ ಅಳೆಯಿರಿ. ಎರಡೂ ಸಮ ಬರದಿದ್ದರೆ ಚಿತ್ರ ಇನ್ನೂ ಎಳೆದಂತಿದೆ ಎಂದರ್ಥ. ಅಂಥ ಪರದೆಯ ಮೇಲೆ ನಕ್ಷೆಯ ದೂರವನ್ನೋ ಕೋನವನ್ನೋ ಅಳೆದರೆ ಉತ್ತರ ತಪ್ಪುತ್ತದೆ. ನಮ್ಮ ಉದಾಹರಣೆಯ ತಿದ್ದದ ಲಂಬಕದಲ್ಲಿ ಮೇಲಂಚಿನ ಊರುಗಳ ನಡುವಿನ ಅಡ್ಡ ದೂರ ಕೆಳಂಚಿನದಕ್ಕಿಂತ 11 ಶೇಕಡಾ ಹೆಚ್ಚಾಗಿ ಕಾಣುತ್ತಿತ್ತು.