‘ತಾಂತ್ರಿಕ ಕಾರಣ’ ಎಂದರೆ ಸಾಲದು

ಕ್ಲೌಡ್ ಸೇವೆ ಕೈಕೊಟ್ಟ ಮರುದಿನ ಗ್ರಾಹಕರಿಗೆ ಬರುವ ಪತ್ರ ಸಾಮಾನ್ಯವಾಗಿ ಹೀಗಿರುತ್ತದೆ: “ತಾಂತ್ರಿಕ ಕಾರಣಗಳಿಂದ ಕೆಲವು ಗ್ರಾಹಕರಿಗೆ ಸ್ವಲ್ಪ ಹೊತ್ತು ಅಡಚಣೆಯಾಗಿತ್ತು. ಹೀಗೆ ಮತ್ತೆ ಆಗದಂತೆ ಕ್ರಮ ಕೈಗೊಳ್ಳುತ್ತೇವೆ. ಕ್ಷಮಿಸಿ.” ಕಾರಣ, ಅವಧಿ, ಪರಿಹಾರ ಮೂರೂ ಇದ್ದಂತೆ ಕಾಣುತ್ತದೆ. ಓದಿದವರಿಗೆ ಮಾತ್ರ ಒಂದೂ ತಿಳಿಯುವುದಿಲ್ಲ.

2017ರ ಫೆಬ್ರವರಿ 28ರಂದು ಅಮೆಜಾನ್‌ನ ಎಸ್‌3 ಸಂಗ್ರಹ ಸೇವೆ ಅಮೆರಿಕದ ಉತ್ತರ ವರ್ಜೀನಿಯಾದಲ್ಲಿ ನಿಂತುಹೋಯಿತು. ಅದನ್ನೇ ನೆಚ್ಚಿಕೊಂಡಿದ್ದ ಅಸಂಖ್ಯ ಜಾಲತಾಣಗಳೂ ಜೊತೆಗೇ ಮುಗ್ಗರಿಸಿದವು. ಆ ಘಟನೆಯ ಬಗ್ಗೆ ಕಂಪನಿ ಹೊರತಂದ ವಿವರಣೆಯನ್ನು ಪಕ್ಕದಲ್ಲಿಟ್ಟುಕೊಂಡು ಮೇಲಿನ ಪತ್ರವನ್ನು ತಿದ್ದಿ ನೋಡೋಣ.

ಮೊದಲು ಕಾರಣ. ಬಿಲ್ಲಿಂಗ್ ವ್ಯವಸ್ಥೆ ನಿಧಾನವಾಗಿದ್ದುದನ್ನು ಪರಿಶೀಲಿಸುತ್ತಿದ್ದ ಸಿಬ್ಬಂದಿಯೊಬ್ಬರು ಕೆಲವೇ ಸರ್ವರ್‌ಗಳನ್ನು ತೆಗೆಯಲು ಕಮಾಂಡ್ ಕೊಟ್ಟರು. ಅದರಲ್ಲಿ ಒಂದು ಮಾಹಿತಿ ತಪ್ಪಾಗಿ ನಮೂದಾಗಿ, ಬೇಕಿದ್ದಕ್ಕಿಂತ ಹೆಚ್ಚು ಸರ್ವರ್‌ಗಳು ಹೋದವು. ಇಲ್ಲಿಗೇ ನಿಲ್ಲಿಸಿ ‘ಮಾನವ ದೋಷ’ ಎಂದು ಬರೆಯುವುದು ಸುಲಭ, ಆದರೆ ಅದು ಅರ್ಧಸತ್ಯ. ಅಷ್ಟು ಸರ್ವರ್‌ಗಳನ್ನು ಒಂದೇ ಏಟಿಗೆ ತೆಗೆಯಲು ಆ ಸಾಧನ ಬಿಟ್ಟಿದ್ದೇಕೆ? ಮತ್ತೆ ಏಳಲು ಇಷ್ಟು ಹೊತ್ತು ಹಿಡಿದಿದ್ದೇಕೆ? ಯಾವ ಕಡತ ಎಲ್ಲಿದೆ ಎಂದು ತಿಳಿಸುವ ಸೂಚಿ ವ್ಯವಸ್ಥೆಯನ್ನು ದೊಡ್ಡ ಪ್ರದೇಶಗಳಲ್ಲಿ ಹಲವು ವರ್ಷಗಳಿಂದ ಪೂರ್ತಿಯಾಗಿ ಮರುಚಾಲನೆ ಮಾಡಿರಲಿಲ್ಲ ಎಂದು ಕಂಪನಿ ಒಪ್ಪಿಕೊಂಡಿತು. ಕಾರಣದ ತಿರುಳು ಇರುವುದು ಇಲ್ಲಿ.

ಇನ್ನು ಅವಧಿ. ‘ಸ್ವಲ್ಪ ಹೊತ್ತು’ ಎಂಬುದನ್ನು ಹೊಡೆದುಹಾಕಿ ಗಡಿಯಾರದ ಸಮಯ ಹಾಕಬೇಕು. ತೊಂದರೆ ಅಮೆರಿಕದ ಪೆಸಿಫಿಕ್ ಸಮಯದ ಬೆಳಗ್ಗೆ 9:37ಕ್ಕೆ, ಅಂದರೆ ಭಾರತದ ರಾತ್ರಿ 11:07ಕ್ಕೆ ಶುರುವಾಯಿತು. ಕಡತ ಓದುವ ಕೆಲಸ 1:18ರ ಹೊತ್ತಿಗೆ ಸರಿಹೋಯಿತು, ಹೊಸದನ್ನು ಸೇರಿಸುವುದು 1:54ಕ್ಕೆ. ಹಾಗಾಗಿ ಅವಧಿ 4 ಗಂಟೆ 17 ನಿಮಿಷ. ‘ಬಹುತೇಕ ಸರಿಹೋದ’ ಗಳಿಗೆಗೇ ಲೆಕ್ಕ ಮುಗಿಸಿಬಿಡುವುದು ಇಂಥ ಪತ್ರಗಳಲ್ಲಿ ನಡೆಯುವ ಮೋಸ. ಸುದ್ದಿ ತಲುಪಿಸಲು ತಡವಾದದ್ದನ್ನೂ ಬರೆಯಬೇಕು. ಸೇವೆಗಳ ಸ್ಥಿತಿ ತೋರಿಸುವ ಅಮೆಜಾನ್‌ನ ಫಲಕದ ಆಡಳಿತವೂ ಎಸ್‌3 ಮೇಲೆಯೇ ನಿಂತಿತ್ತು. ಹೀಗಾಗಿ 11:37ರವರೆಗೆ ಅದರಲ್ಲಿ ಒಂದೊಂದು ಸೇವೆಯ ಸ್ಥಿತಿಯನ್ನು ಬದಲಿಸಲು ಆಗಲಿಲ್ಲ. ಎರಡು ಗಂಟೆ ಆ ಫಲಕದಲ್ಲಿ ಗ್ರಾಹಕರಿಗೆ ಒಂದೊಂದು ಸೇವೆಯ ನಿಜಸ್ಥಿತಿ ಕಾಣಲಿಲ್ಲ.

ಕೊನೆಯದು ‘ಕ್ರಮ ಕೈಗೊಳ್ಳುತ್ತೇವೆ’. ಇಲ್ಲಿ ಆದದ್ದು ಬೇರೆ, ಆಗಬೇಕಾದದ್ದು ಬೇರೆ. ಸರ್ವರ್‌ಗಳನ್ನು ನಿಧಾನವಾಗಿಯೇ ತೆಗೆಯುವಂತೆ, ಕನಿಷ್ಠ ಮಿತಿಗಿಂತ ಕೆಳಗಿಳಿಸುವ ಕಮಾಂಡನ್ನು ತಡೆಯುವಂತೆ ಸಾಧನವನ್ನು ಬದಲಿಸಿದ್ದೇವೆ ಎಂದಿತು ಕಂಪನಿ. ಸೂಚಿ ವ್ಯವಸ್ಥೆಯನ್ನು ಇನ್ನಷ್ಟು ಚಿಕ್ಕ ಭಾಗಗಳಾಗಿ ಒಡೆಯುವ ಕೆಲಸ ಮಾತ್ರ ಆಗ ಇನ್ನೂ ಬಾಕಿಯಿತ್ತು, ಅದನ್ನೂ ಹಾಗೆಯೇ ಹೇಳಿತು. ಕಮಾಂಡ್ ತಪ್ಪಾಗುವುದನ್ನು ಪೂರ್ತಿ ತಪ್ಪಿಸಲಾಗದು. ಈ ತಡೆಯಿಂದ ಅದರ ಹಾನಿ ಮಾತ್ರ ಹರಡುವುದಿಲ್ಲ. ಆದ್ದರಿಂದ ‘ಮತ್ತೆಂದೂ ಆಗದು’ ಎಂಬ ಸಾಲನ್ನು ಪತ್ರದಿಂದ ತೆಗೆದೇಬಿಡಬೇಕು.

ನಿಮಗೆ ಇಂಥ ಪತ್ರ ಬಂದರೆ ಅದರಲ್ಲಿ ಎರಡು ಸಮಯಗಳು ಮತ್ತು ಈಗಾಗಲೇ ಮುಗಿದಿರುವ ಒಂದು ಬದಲಾವಣೆ ಇದೆಯೇ ಎಂದು ಹುಡುಕಿ. ಇಲ್ಲದಿದ್ದರೆ ಮರುಪತ್ರ ಬರೆದು ಕೇಳಿ.